ಯಂತ್ರದ ಗುರುತೋ, ಗೈಡಿನ ಗುರುತೋ?

ಬರಹವೊಂದರ ಶೈಲಿಯನ್ನು ನೋಡಿಯೇ ಅದನ್ನು ಬರೆದದ್ದು ಮನುಷ್ಯನೋ ಯಂತ್ರವೋ ಎಂದು ತೀರ್ಮಾನಿಸಬಹುದೆಂಬ ನಂಬಿಕೆ, 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ನಂತರ ಅಧ್ಯಾಪಕ ವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಇಂಗ್ಲಿಷ್ ಬರವಣಿಗೆಯನ್ನು ಕುರಿತು ಹುಟ್ಟಿದ ಈ ನಂಬಿಕೆ ಕನ್ನಡದ ತರಗತಿಗೂ ಕಾಲಿಟ್ಟಿದ್ದು, ಅದರೊಂದಿಗೆ ಲಕ್ಷಣಗಳ ಒಂದು ಪಟ್ಟಿಯೂ ಬಂದಿದೆ. ವಾಕ್ಯದ ನಡುವೆ ಅಡ್ಡಗೆರೆಯ ಅತಿಬಳಕೆ, ‘ಇದು ಕೇವಲ ಹೀಗಲ್ಲ, ಹಾಗೂ ಹೌದು’ ಎಂಬ ವಾಕ್ಯದ ಅಚ್ಚು, ಮೂರು ಮೂರಾಗಿ ಜೋಡಿಸಿದ ನಾಮಪದಗಳು, ‘ಆಗಿದೆ’ ಎಂದು ಮುಗಿಯುವ ವಾಕ್ಯಗಳ ಸಾಲು, ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂದು ಆರಂಭವಾಗುವ ಕೊನೆಯ ಪರಿಚ್ಛೇದ, ಏರಿಳಿತವಿಲ್ಲದ ಸಮ ಅಳತೆಯ ವಾಕ್ಯಗಳು, ಕಾಗುಣಿತದ ತಪ್ಪೇ ಇಲ್ಲದಿರುವುದು ಇತ್ಯಾದಿಗಳು ಆ ಪಟ್ಟಿಯ ಮುಖ್ಯ ಅಂಶಗಳು. ಇವುಗಳಲ್ಲಿ ನಾಲ್ಕೈದು ಒಟ್ಟಿಗೆ ಕಂಡರೆ ಬರಹ ಯಂತ್ರದ್ದೆಂದು ತಿಳಿಯಬೇಕು ಎಂಬುದು ಆ ಪಟ್ಟಿಯನ್ನು ಒಪ್ಪುವವರ ವಾದ.

ಈ ವಾದ ಗಾಳಿಯಲ್ಲಿ ಹುಟ್ಟಿದ್ದಲ್ಲ. ಭಾಷಾ ಮಾದರಿ ಎಂದು ಕರೆಯಲಾಗುವ ಈ ತಂತ್ರಾಂಶಗಳು ಅಪಾರ ಪ್ರಮಾಣದ ಲಿಖಿತ ಪಠ್ಯದಿಂದ ‘ಈ ಮಾತಿನ ಮುಂದೆ ಯಾವ ಮಾತು ಬರುವುದು ಹೆಚ್ಚು ಸಂಭವನೀಯ’ ಎಂಬುದನ್ನು ಕಲಿತು, ಬಳಿಕ ಓದುಗರಿಗೆ ಹಿತವೆನಿಸುವ ಉತ್ತರಗಳ ಕಡೆಗೆ ತಿದ್ದಲ್ಪಟ್ಟಿರುತ್ತವೆಯಾದ್ದರಿಂದ, ಅವುಗಳ ಗದ್ಯ ಕೆಲವು ಸವೆದ ದಾರಿಗಳಲ್ಲೇ ನಡೆಯುವುದು ಸಹಜ. ಇದಕ್ಕೆ ಅಂಕಿಸಂಖ್ಯೆಯ ಆಧಾರವೂ ಇದೆ. ವೈದ್ಯಕೀಯ ಸಂಶೋಧನಾ ಲೇಖನಗಳ 1.4 ಕೋಟಿಗೂ ಹೆಚ್ಚು ಸಾರಾಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ‘ಡೆಲ್ವ್’ನಂಥ ಕೆಲವು ಇಂಗ್ಲಿಷ್ ಪದಗಳು 2024ರಲ್ಲಿ ಹಠಾತ್ತನೆ ಹಲವು ಪಟ್ಟು ಹೆಚ್ಚಿದ್ದನ್ನು ತೋರಿಸಿ, ಆ ವರ್ಷದ ಸಾರಾಂಶಗಳಲ್ಲಿ ಕನಿಷ್ಠ ಹತ್ತರಲ್ಲಿ ಒಂದಾದರೂ ಯಂತ್ರದ ನೆರವು ಪಡೆದಿರಬೇಕೆಂದು ಅಂದಾಜಿಸಿತು. ಆದರೆ ಆ ಅಧ್ಯಯನದ ತೀರ್ಮಾನ ಏನನ್ನು ಕುರಿತದ್ದೆಂಬುದನ್ನು ಗಮನಿಸಬೇಕು. ಲಕ್ಷಾಂತರ ಬರಹಗಳ ರಾಶಿಯಲ್ಲಿ ಯಂತ್ರದ ಪಾಲು ಎಷ್ಟಿರಬಹುದೆಂದು ಅದು ಹೇಳುತ್ತದೆಯೇ ಹೊರತು, ಆ ಪದವಿರುವ ನಿರ್ದಿಷ್ಟ ಸಾರಾಂಶವೊಂದನ್ನು ಯಾರು ಬರೆದರೆಂದು ಹೇಳುವುದಿಲ್ಲ. ರಾಶಿಯ ಬಗ್ಗೆ ನಿಜವಾದ ಮಾತನ್ನು ಬಿಡಿ ಬರಹದ ಮೇಲೆ ತೀರ್ಪಾಗಿ ಹೇರುವುದೇ ಇಲ್ಲಿರುವ ಮೊದಲ ಗೊಂದಲ. ಅಧ್ಯಾಪಕರ ಕೈಯಲ್ಲಿರುವುದು ರಾಶಿಯಲ್ಲ, ಒಬ್ಬ ವಿದ್ಯಾರ್ಥಿಯ ನಾಲ್ಕು ಪುಟ.

ಯಾವುದೇ ಲಕ್ಷಣ ಸಾಕ್ಷ್ಯವಾಗಬೇಕಾದರೆ ಎರಡು ಪ್ರಮಾಣಗಳು ತಿಳಿದಿರಬೇಕು. ಯಂತ್ರದ ಬರಹದಲ್ಲಿ ಆ ಲಕ್ಷಣ ಎಷ್ಟು ಬಾರಿ ಕಾಣುತ್ತದೆ ಎಂಬುದು ಒಂದು. ಸ್ವತಃ ಬರೆದ ವಿದ್ಯಾರ್ಥಿಯ ಬರಹದಲ್ಲಿ ಎಷ್ಟು ಬಾರಿ ಕಾಣುತ್ತದೆ ಎಂಬುದು ಇನ್ನೊಂದು. ಪಟ್ಟಿಯನ್ನು ಮಾಡುವವರು ಮೊದಲನೆಯದನ್ನು ಮಾತ್ರ ಗಮನಿಸಿ ಎರಡನೆಯದು ಇಲ್ಲವೇ ಇಲ್ಲವೆಂಬಂತೆ ಮುಂದೆ ಹೋಗುತ್ತಾರೆ. ಈ ಎರಡನೆಯ ಪ್ರಮಾಣ ಊರಿಂದೂರಿಗೆ, ಶಾಲೆಯಿಂದ ಶಾಲೆಗೆ ಬದಲಾಗುವಂಥದ್ದಾದ್ದರಿಂದ ಅದನ್ನು ಒಂದು ನಿರ್ದಿಷ್ಟ ನೆಲದಲ್ಲಿಟ್ಟು ನೋಡುವುದು ಒಳ್ಳೆಯದು. ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿವೆ. ಇಲ್ಲಿನ ಪ್ರೌಢಶಾಲೆಯೊಂದರ ಕನ್ನಡ ಅಧ್ಯಾಪಕರು ಮೇಲೆ ಹೇಳಿದ ಪಟ್ಟಿಯನ್ನು ಮುಂದಿಟ್ಟುಕೊಂಡು ಹತ್ತನೆಯ ತರಗತಿಯ ಪ್ರಬಂಧಗಳನ್ನು ಪರಿಶೀಲಿಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಎಸ್‌ಎಸ್‌ಎಲ್‌ಸಿಯ ಪ್ರಥಮ ಭಾಷೆಗೆ ಇರುವ 125 ಅಂಕಗಳಲ್ಲಿ 25 ಅಂಕಗಳು ಶಾಲೆಯೇ ಕೊಡುವ ಆಂತರಿಕ ಅಂಕಗಳಾದ್ದರಿಂದ, ತಪ್ಪು ತೀರ್ಪಿನ ಬೆಲೆಯನ್ನು ವಿದ್ಯಾರ್ಥಿ ಅಂಕದಲ್ಲಿಯೇ ತೆರಬೇಕಾಗುತ್ತದೆ.

ಪಟ್ಟಿಯಲ್ಲಿ ಅತ್ಯಂತ ಬಲವಾದದ್ದೆಂದು ತೋರುವ ರಚನೆಯ ಲಕ್ಷಣದಿಂದಲೇ ಆರಂಭಿಸಬಹುದು. ವಿಷಯವನ್ನು ಪರಿಚಯಿಸುವ ಮೊದಲ ಪರಿಚ್ಛೇದ, ‘ಮೊದಲನೆಯದಾಗಿ’, ‘ಎರಡನೆಯದಾಗಿ’ ಎಂದು ನಡೆಯುವ ನಡುಭಾಗ, ಎಲ್ಲವನ್ನೂ ಮತ್ತೆ ಹೇಳಿ ಶುಭ ಹಾರೈಕೆಯಲ್ಲಿ ಮುಗಿಯುವ ಕೊನೆ ಇವು ಯಂತ್ರದ ಕೈಬರಹವೆಂದು ಹೇಳಲಾಗುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಪ್ರಬಂಧವೆಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗಗಳೆಂದೇ ತಲೆಮಾರುಗಳಿಂದ ಕಲಿಸಲಾಗುತ್ತಿದ್ದು, ಆ ಶೀರ್ಷಿಕೆಗಳನ್ನು ಹಾಕಿಯೇ ಬರೆಯುವ ವಿದ್ಯಾರ್ಥಿಗಳೂ ಇದ್ದಾರೆ. ಹಾಗೆ ಬರೆದವರಿಗೆ ಅಂಕವೂ ಸಿಗುತ್ತದೆ. ಅಂಗಡಿಯಲ್ಲಿ ದೊರೆಯುವ ಗೈಡುಗಳು, ಶಿಕ್ಷಕರೇ ಸಿದ್ಧಪಡಿಸಿ ಹಂಚುವ ‘ಪಾಸಿಂಗ್ ಪ್ಯಾಕೇಜ್’ಗಳು, ಹಿಂದಿನ ವರ್ಷಗಳ ಮಾದರಿ ಉತ್ತರಗಳು ಇದೇ ಅಚ್ಚನ್ನು ಬಾಯಿಪಾಠದ ಮಟ್ಟಕ್ಕೆ ಇಳಿಸುತ್ತವೆ. ‘ಗ್ರಂಥಾಲಯಗಳ ಮಹತ್ವ’, ‘ಸ್ವಚ್ಛ ಭಾರತ’, ‘ರಾಷ್ಟ್ರೀಯ ಭಾವೈಕ್ಯ’ ಎಂಬಂಥ ವಿಷಯಗಳ ಮೇಲೆ ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂದು ಮುಗಿಸುವ ವಿದ್ಯಾರ್ಥಿ ತಾನು ಕಲಿತದ್ದನ್ನು ಒಪ್ಪಿಸುತ್ತಿದ್ದಾನೆ. ಅಷ್ಟೇ ಅಲ್ಲ, ಯಂತ್ರವೂ ತನ್ನ ಕನ್ನಡವನ್ನು ಕಲಿತದ್ದು ಮುಖ್ಯವಾಗಿ ಇಂಥ ಔಪಚಾರಿಕ ಲಿಖಿತ ಕನ್ನಡದಿಂದಲೇ ಆದ್ದರಿಂದ, ಇಬ್ಬರ ಗದ್ಯವೂ ಹೋಲುವುದರಲ್ಲಿ ಆಶ್ಚರ್ಯವಿಲ್ಲ. ಶಾಲೆ ಯಾವುದನ್ನು ಒಳ್ಳೆಯ ಪ್ರಬಂಧವೆಂದು ಕಲಿಸಿತೋ ಅದನ್ನೇ ಈಗ ಅಪರಾಧದ ಕುರುಹೆಂದು ಎಣಿಸಿದರೆ, ಪಾಠವನ್ನು ಸರಿಯಾಗಿ ಕೇಳಿದ ವಿದ್ಯಾರ್ಥಿಯೇ ಮೊದಲು ಸಿಕ್ಕಿಬೀಳುತ್ತಾನೆ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾದೀತು. ‘ನಮ್ಮೂರಿನ ಇತಿಹಾಸ’ ಎಂಬ ಕಾರ್ಯಯೋಜನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ‘ಶಿರಾ ಕೇವಲ ಒಂದು ಪಟ್ಟಣವಲ್ಲ, ಅದು ಇತಿಹಾಸ, ಸಂಸ್ಕೃತಿ ಮತ್ತು ವಾಸ್ತುಶಿಲ್ಪದ ಸಂಗಮವಾಗಿದೆ’ ಎಂದು ಬರೆದಿದ್ದಾಳೆಂದು ಭಾವಿಸೋಣ. ಪಟ್ಟಿಯ ಮೂರು ಲಕ್ಷಣಗಳು ಈ ಒಂದೇ ವಾಕ್ಯದಲ್ಲಿವೆ: ನಿರಾಕರಿಸಿ ಮೇಲೇರಿಸುವ ಅಚ್ಚು, ಮೂರರ ಜೋಡಣೆ, ‘ಆಗಿದೆ’ಯ ಮುಕ್ತಾಯ. ಭಾಷಾ ಮಾದರಿಯೊಂದು ಇಂಥ ವಾಕ್ಯವನ್ನು ಸಲೀಸಾಗಿ ಬರೆಯುತ್ತದೆಂಬುದು ನಿಜವೇ. ಆದರೆ ಪ್ರವಾಸೋದ್ಯಮದ ಕರಪತ್ರ, ರಾಜ್ಯೋತ್ಸವದ ಸ್ವಾಗತ ಭಾಷಣ, ಪತ್ರಿಕೆಯ ವಾರದ ಪುರವಣಿ ಎಲ್ಲವೂ ಯಾವ ಯಂತ್ರದ ನೆರವೂ ಇಲ್ಲದೆ ದಶಕಗಳಿಂದ ಇದೇ ವಾಕ್ಯವನ್ನು ಊರಿನ ಹೆಸರು ಬದಲಿಸಿ ಬರೆಯುತ್ತ ಬಂದಿವೆ. ನೆಲ, ಜಲ, ನುಡಿ ಎಂದು ಮೂರನ್ನು ಕೂಡಿಸಿ ಹೇಳುವುದು ಕನ್ನಡ ವೇದಿಕೆಯ ಹಳೆಯ ಚಾಳಿ; ಸಮಾಂತರ ರಚನೆಯಂತೂ ಹನ್ನೆರಡನೆಯ ಶತಮಾನದ ವಚನಗಳಿಂದಲೂ ಕನ್ನಡ ಗದ್ಯಕ್ಕೆ ಸಂದ ಗುಣ. ಆ ವಾಕ್ಯ ಕೆಟ್ಟದ್ದೆಂದು ಅಧ್ಯಾಪಕರು ಧಾರಾಳವಾಗಿ ಹೇಳಬಹುದು, ಅದಕ್ಕೆ ಅಂಕವನ್ನೂ ಕಡಿಮೆ ಮಾಡಬಹುದು. ಅದು ಅವಳದಲ್ಲ ಎನ್ನಲು ಮಾತ್ರ ಆಧಾರವಿಲ್ಲ. ಸವಕಲು ಮಾತು ಬೇರೆ, ಕದ್ದ ಮಾತು ಬೇರೆ. ಪಟ್ಟಿ ಈ ಎರಡನ್ನೂ ಕಲಸಿಬಿಡುತ್ತದೆ.

‘ಆಗಿದೆ’, ‘ಪ್ರಮುಖ ಪಾತ್ರ ವಹಿಸುತ್ತದೆ’, ‘ಮಾಡಲ್ಪಟ್ಟಿದೆ’ ಎಂಬಂಥ ಪ್ರಯೋಗಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇವುಗಳಲ್ಲಿ ಇಂಗ್ಲಿಷಿನ ವಾಸನೆ ಇರುವುದರಿಂದ ಇಂಗ್ಲಿಷಿನಲ್ಲಿ ಹೆಚ್ಚು ಕಲಿತ ಯಂತ್ರದ ಗುರುತಾಗಿ ಇವನ್ನು ತೆಗೆದುಕೊಳ್ಳಲಾಗುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವೆಂದರೆ, ಇಂಗ್ಲಿಷಿನಂಥ ಐರೋಪ್ಯ ಭಾಷೆಗಳ ನೆರಳು ಕನ್ನಡದ ಆಧುನಿಕ ಗದ್ಯದ ಮೇಲೆ ಅದರ ಹುಟ್ಟಿನಿಂದಲೂ ಬಿದ್ದಿದೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಜರ್ಮನ್ ಮಿಷನರಿ, ಅಲ್ಲಿಂದೀಚೆಗೆ ಕಾನೂನು, ಆಡಳಿತ, ವಿಜ್ಞಾನ, ಸುದ್ದಿ ಇವುಗಳ ಕನ್ನಡ ಬಹುಮಟ್ಟಿಗೆ ಅನುವಾದದ ಮೂಲಕವೇ ಬೆಳೆಯಿತು. ವಿಧಾನಸೌಧದಿಂದ ಶಾಲೆಗೆ ಬರುವ ಸುತ್ತೋಲೆಯನ್ನೇ ತೆಗೆದುಕೊಂಡು ಈ ಪಟ್ಟಿಯಿಂದ ಪರೀಕ್ಷಿಸಿದರೆ ಅದು ಮೊದಲ ಸಾಲಿನಲ್ಲೇ ಅನುತ್ತೀರ್ಣವಾಗುತ್ತದೆ. ಸಮಾಜ ವಿಜ್ಞಾನದ ಪಠ್ಯಪುಸ್ತಕವನ್ನು ಓದಿ ಬರೆಯುವ ವಿದ್ಯಾರ್ಥಿ ಆ ಪುಸ್ತಕದ ವಾಕ್ಯಗಳಂತೆಯೇ ಬರೆದರೆ ಅದು ಕಲಿಕೆಯ ಫಲ.

ತಪ್ಪಿಲ್ಲದ ಬರಹದ ಮೇಲಿನ ಸಂಶಯ ಇದಕ್ಕಿಂತ ಸೂಕ್ಷ್ಮವಾದದ್ದು. ಹಳೆಯ ಮೈಸೂರು ಸೀಮೆಯ ಬಹುಭಾಗದಂತೆ ಶಿರಾ ಸುತ್ತಿನಲ್ಲೂ ಅಕಾರ ಹಕಾರಗಳು ಆಡುಮಾತಿನಲ್ಲಿ ಅದಲುಬದಲಾಗುತ್ತವೆ, ಮಹಾಪ್ರಾಣಗಳು ಅಲ್ಪಪ್ರಾಣವಾಗುತ್ತವೆ. ‘ಹಾಸನ’ ‘ಆಸನ’ವಾಗುವುದು, ‘ಆದರ’ ‘ಹಾದರ’ವಾಗುವುದು ಬರವಣಿಗೆಗೂ ಇಳಿಯುತ್ತದೆ. ಇಂಥ ತಪ್ಪುಗಳನ್ನು ಮಾಡುತ್ತಿದ್ದವನ ಪುಟ ಇದ್ದಕ್ಕಿದ್ದಂತೆ ಶುದ್ಧವಾದರೆ ಯಾರ ಮನಸ್ಸಿನಲ್ಲಾದರೂ ಪ್ರಶ್ನೆ ಏಳುವುದು ನ್ಯಾಯವೇ. ಆದರೆ ಮನೆಯಲ್ಲಿ ಬರೆದ ಬರಹವನ್ನು ಅಕ್ಕ ತಿದ್ದಿರಬಹುದು, ಟ್ಯೂಷನ್ನಿನ ಮೇಷ್ಟ್ರು ತಿದ್ದಿರಬಹುದು, ವಿದ್ಯಾರ್ಥಿ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ಬರೆದಿರಬಹುದು, ಮೊಬೈಲಿನ ಕೀಲಿಮಣೆ ಸರಿಯಾದ ಪದವನ್ನು ಸೂಚಿಸಿರಬಹುದು. ತಿರುಗಿಸಿ ನೋಡಿದರೂ ಲಕ್ಷಣ ಕೈಕೊಡುತ್ತದೆ. ಕಾರ್ಯಯೋಜನೆಗಳನ್ನು ಸಾಮಾನ್ಯವಾಗಿ ಕೈಯಲ್ಲೇ ಬರೆದು ಒಪ್ಪಿಸಬೇಕಾಗುವುದರಿಂದ, ಯಂತ್ರದ ಶುದ್ಧ ಗದ್ಯವನ್ನು ಪರದೆಯಿಂದ ನಕಲಿಸುವ ವಿದ್ಯಾರ್ಥಿ ತನ್ನ ಎಂದಿನ ಅಕಾರ ಹಕಾರದ ತಪ್ಪುಗಳನ್ನು ನಕಲಿಸುವಾಗಲೇ ಸೇರಿಸಿಬಿಡುತ್ತಾನೆ. ಹೀಗೆ ತಪ್ಪಿನ ಇರುವಿಕೆ ಪ್ರಾಮಾಣಿಕತೆಯನ್ನೂ, ಇಲ್ಲದಿರುವಿಕೆ ಮೋಸವನ್ನೂ ಸಾಬೀತು ಮಾಡುವುದಿಲ್ಲ. ಅಡ್ಡಗೆರೆಯ ಲಕ್ಷಣವೂ ಇದೇ ಕಾರಣಕ್ಕೆ ಇಲ್ಲಿ ಬಿದ್ದುಹೋಗುತ್ತದೆ: ಉದ್ದ ಗೆರೆ, ಗಿಡ್ಡ ಗೆರೆ ಎಂಬ ವ್ಯತ್ಯಾಸ ಅಚ್ಚಿನಲ್ಲಿ ಉಂಟು, ಬಾಲ್‌ಪೆನ್ನಿನಲ್ಲಿ ಇಲ್ಲ.

ವಾಕ್ಯಗಳ ಸಮಾನತೆ ಎಂಬ ಲಕ್ಷಣಕ್ಕೆ ಮಾತ್ರ ಗಣಿತದ ಬೆಂಬಲವಿದೆಯೆಂದು ಹೇಳಲಾಗುತ್ತದೆ. ಯಂತ್ರಬರಹವನ್ನು ಪತ್ತೆಹಚ್ಚುವ ಹಲವು ತಂತ್ರಾಂಶಗಳು ಎರಡು ಗುಣಗಳನ್ನು ಅಳೆಯುತ್ತವೆ. ಒಂದು, ಮುಂದಿನ ಪದವನ್ನು ಊಹಿಸುವುದು ಎಷ್ಟು ಸುಲಭ ಎಂಬುದು; ಇನ್ನೊಂದು, ಆ ಸುಲಭತೆ ವಾಕ್ಯದಿಂದ ವಾಕ್ಯಕ್ಕೆ ಎಷ್ಟು ಏರಿಳಿಯುತ್ತದೆ ಎಂಬುದು. ಊಹೆಗೆ ಸುಲಭವಾಗಿ ಸಿಗುವ, ಏರಿಳಿತವಿಲ್ಲದ ಗದ್ಯ ಯಂತ್ರದ್ದೆಂದು ಅವು ತಿಳಿಯುತ್ತವೆ. ಈ ಅಳತೆ ಎಲ್ಲಿ ಎಡವುತ್ತದೆಂಬುದನ್ನು 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪರೀಕ್ಷಾ ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಒಪ್ಪಿಸಿದಾಗ, ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದವೆಂದು ಹೇಳಿದವು. ಕಾರಣ ಸರಳ: ಕಲಿತ ಭಾಷೆಯಲ್ಲಿ ಬರೆಯುವವನು ತನಗೆ ಖಚಿತವಾಗಿ ಗೊತ್ತಿರುವ ಪದ ಮತ್ತು ವಾಕ್ಯರಚನೆಗಳನ್ನು ಬಿಟ್ಟು ಆಚೆ ಹೋಗುವುದಿಲ್ಲ, ಆದ್ದರಿಂದ ಅವನ ಗದ್ಯ ಊಹೆಗೆ ಸುಲಭವಾಗಿ ಸಿಗುತ್ತದೆ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡ ತಾಲ್ಲೂಕಿನಲ್ಲಿ ಮನೆಮಾತು ತೆಲುಗಾಗಿರುವ ಮಕ್ಕಳೂ, ಶಿರಾದಲ್ಲಿ ಮನೆಮಾತು ಉರ್ದುವಾಗಿರುವ ಮಕ್ಕಳೂ ಕನ್ನಡವನ್ನು ಶಾಲೆಯಲ್ಲೇ ಕಲಿಯುತ್ತಾರೆ. ಟೋಫೆಲ್ ಬರೆದವರ ಸ್ಥಿತಿಯೇ ಅವರದ್ದು. ಎಚ್ಚರಿಕೆಯ, ಗಿಡ್ಡ, ಒಂದೇ ಅಳತೆಯ ವಾಕ್ಯಗಳನ್ನು ಅನುಮಾನಿಸುವ ಪಟ್ಟಿ ಈ ಮಕ್ಕಳನ್ನೇ ಮೊದಲು ಅನುಮಾನಿಸುತ್ತದೆ.

ತಂತ್ರಾಂಶದ ಅಳತೆ ಕನ್ನಡದ ಮಟ್ಟಿಗೆ ಇನ್ನೂ ಒಂದು ಕಾರಣಕ್ಕೆ ಕೆಡುತ್ತದೆ. ಗಣಕದ ಯೂನಿಕೋಡ್ ವ್ಯವಸ್ಥೆಯಲ್ಲಿ, ಸಾಮಾನ್ಯವಾಗಿ ಬಳಸುವ ರೂಪದಲ್ಲಿ, ಕನ್ನಡದ ಪ್ರತಿ ಚಿಹ್ನೆ ಮೂರು ಬೈಟ್‌ಗಳಾಗಿ ಉಳಿಯುತ್ತದೆ. ಓದುಗರಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಆರು ಚಿಹ್ನೆ, ಹದಿನೆಂಟು ಬೈಟ್. ಭಾಷಾ ಮಾದರಿ ಅಕ್ಷರಗಳನ್ನು ಹೀಗೆ ಚೂರುಮಾಡಿ ಓದುವಾಗ, ಬರಹ ಕನ್ನಡದ್ದೆಂದು ತಿಳಿದ ಮೇಲೆ ಪ್ರತಿ ಚಿಹ್ನೆಯ ಮೊದಲ ಬೈಟ್ ಯಾವುದೆಂಬುದರಲ್ಲಿ ಸಂದೇಹವೇ ಇರುವುದಿಲ್ಲ, ಎರಡನೆಯದಕ್ಕೆ ಎರಡೇ ಸಾಧ್ಯತೆಗಳು ಉಳಿಯುತ್ತವೆ. ಹೀಗಾಗಿ ಯಾರೇ ಬರೆದಿರಲಿ, ಕನ್ನಡ ಬರಹ ‘ಊಹೆಗೆ ಸುಲಭ’ ಎಂಬ ಲೆಕ್ಕ ಬರುವ ಸಂಭವವಿದೆ. ಇಂಗ್ಲಿಷಿಗಾಗಿ ಗೊತ್ತುಪಡಿಸಿದ ಮಿತಿಗೆರೆಯನ್ನು ಕನ್ನಡಕ್ಕೆ ಎಳೆಯುವಂತಿಲ್ಲ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಹೊರತಂದ ಪತ್ತೆ ಸಾಧನ ಇಂಗ್ಲಿಷಿನಲ್ಲೇ ಯಂತ್ರಬರಹದ ನೂರರಲ್ಲಿ 26ನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯ ಬರಹದ ನೂರರಲ್ಲಿ 9ನ್ನು ತಪ್ಪಾಗಿ ಯಂತ್ರದ್ದೆನ್ನುತ್ತಿತ್ತು. ಇತರ ಭಾಷೆಗಳಲ್ಲಿ ಅದನ್ನು ನೆಚ್ಚಬಾರದೆಂದು ಸಂಸ್ಥೆಯೇ ಹೇಳಿತ್ತು. ಆರು ತಿಂಗಳೊಳಗೆ, ನಿಖರತೆ ಸಾಲದೆಂಬ ಕಾರಣಕ್ಕೆ, ಅದನ್ನು ಹಿಂತೆಗೆದುಕೊಳ್ಳಲಾಯಿತು.

ಇಲ್ಲಿ ಎರಡು ಆಕ್ಷೇಪಗಳನ್ನು ಗಂಭೀರವಾಗಿ ಪರಿಗಣಿಸಬೇಕು.

1. ಒಂದೊಂದು ಲಕ್ಷಣ ದುರ್ಬಲವಿರಬಹುದು, ಆದರೆ ಐದಾರು ಒಟ್ಟಿಗೆ ಬಂದರೆ ಬಲವಾದ ಸಾಕ್ಷ್ಯವಾಗುವುದಿಲ್ಲವೇ? ಊಹೆಯ ಅಂಕಿಗಳಿಂದ ಲೆಕ್ಕ ಹಾಕಿ ನೋಡಬಹುದು. 200 ಪ್ರಬಂಧಗಳಲ್ಲಿ 20 ಯಂತ್ರದವೆನ್ನೋಣ. ಒಂದು ಲಕ್ಷಣ ಯಂತ್ರಬರಹದ ನೂರಕ್ಕೆ 80ರಲ್ಲಿ, ಸ್ವಂತ ಬರಹದ ನೂರಕ್ಕೆ 30ರಲ್ಲಿ ಕಾಣುವುದಾದರೆ, ಅದು ಯಂತ್ರದ 16 ಪ್ರಬಂಧಗಳ ಜೊತೆಗೆ ನಿರಪರಾಧಿಗಳ 54 ಪ್ರಬಂಧಗಳನ್ನೂ ಹಿಡಿಯುತ್ತದೆ. ಸಿಕ್ಕಿಬಿದ್ದ ನಾಲ್ವರಲ್ಲಿ ಮೂವರು ಏನೂ ಮಾಡದವರು. ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ, ಮೂರು ಲಕ್ಷಣಗಳೂ ಇರಬೇಕೆಂಬ ನಿಯಮದಿಂದ ನಿರಪರಾಧಿಗಳ ಸಂಖ್ಯೆ 54ರಿಂದ ಸುಮಾರು 5ಕ್ಕೆ ಇಳಿಯುತ್ತದೆ, ಯಂತ್ರದವು ಸುಮಾರು 10 ಉಳಿಯುತ್ತವೆ. ಆಕ್ಷೇಪದ ಬಲವೆಲ್ಲ ಈ ‘ಸಂಬಂಧವಿಲ್ಲದವಾದರೆ’ ಎಂಬ ಷರತ್ತಿನಲ್ಲಿದೆ, ಮತ್ತು ಆ ಷರತ್ತು ಇಲ್ಲಿ ಈಡೇರುವುದಿಲ್ಲ. ಉಪಸಂಹಾರದ ಅಚ್ಚು, ಮೂರರ ಜೋಡಣೆ, ‘ಆಗಿದೆ’, ಸಮವಾಕ್ಯ ಎಲ್ಲವೂ ಶಾಲೆ ಕಲಿಸಿದ ಔಪಚಾರಿಕ ಕನ್ನಡವೆಂಬ ಒಂದೇ ಮೂಲದಿಂದ ಬರುತ್ತವೆ. ಒಂದನ್ನು ಗೈಡಿನಿಂದ ಕಲಿತವನು ಉಳಿದವನ್ನೂ ಅಲ್ಲಿಂದಲೇ ಕಲಿತಿರುತ್ತಾನೆ. ಆಗ 54 ಐದಕ್ಕೆ ಇಳಿಯದೆ ನಲವತ್ತರ ಆಸುಪಾಸಿನಲ್ಲೇ ನಿಂತರೂ ನಿಲ್ಲಬಹುದು. ಒಂದೇ ಮನೆಯ ಐವರು ಒಂದೇ ಸುದ್ದಿಯನ್ನು ಹೇಳಿದರೆ ಅದು ಐದು ಸಾಕ್ಷಿಯಾಗುವುದಿಲ್ಲ.

2. ಪಳಗಿದ ಕಣ್ಣಿಗೆ ಗೊತ್ತಾಗುತ್ತದೆಯಲ್ಲವೇ? ಈ ಆಕ್ಷೇಪಕ್ಕೆ ನಿಜವಾದ ಆಧಾರವಿದೆ. 2025ರ ಒಂದು ಅಧ್ಯಯನದಲ್ಲಿ, ಬರವಣಿಗೆಗೆ ಭಾಷಾ ಮಾದರಿಗಳನ್ನು ಪದೇ ಪದೇ ಬಳಸುವ ಐವರ ಬಹುಮತದ ತೀರ್ಪು 300 ಇಂಗ್ಲಿಷ್ ಲೇಖನಗಳಲ್ಲಿ ಒಂದರ ವಿಷಯದಲ್ಲಿ ಮಾತ್ರ ತಪ್ಪಿತು. ಹಾಗಾದರೆ ಶೈಲಿಯಿಂದ ಏನನ್ನೂ ತಿಳಿಯಲಾಗದೆಂಬ ಮಾತು ಅತಿಯಾಯಿತು. ಆದರೆ ಆ ಐವರು ಓದಿದ ಮನುಷ್ಯ ಬರಹಗಳು ಪ್ರಕಟಿತ ಇಂಗ್ಲಿಷ್ ಲೇಖನಗಳು. ಅಲ್ಲಿ ಯಂತ್ರದ ಎದುರಿಗಿದ್ದದ್ದು ಪಳಗಿದ ಬರಹಗಾರರ ಗದ್ಯ, ಗೈಡಿನಿಂದ ಕಲಿತ ಹದಿನೈದರ ಹುಡುಗನದ್ದಲ್ಲ. ಐವರು ಒಟ್ಟಾಗಿ ಕೊಟ್ಟ ತೀರ್ಪಿಗೂ ಒಬ್ಬ ಅಧ್ಯಾಪಕ ಸಂಜೆ ಎಂಬತ್ತು ಪುಸ್ತಕಗಳ ನಡುವೆ ಕೊಡುವ ತೀರ್ಪಿಗೂ ಅಂತರವಿದೆ. ಜೊತೆಗೆ, ಅವರು ಪಟ್ಟಿಯ ಪದಗಳನ್ನಷ್ಟೇ ನಂಬದೆ ಇಡೀ ಬರಹದ ನಡೆಯನ್ನು ನೋಡಿದ್ದರಿಂದ ಅವರ ಗೆಲುವು ಪಟ್ಟಿಯ ಗೆಲುವಲ್ಲ.

ಅಧ್ಯಾಪಕರಿಗಿರುವ ನಿಜವಾದ ಅನುಕೂಲ ಬೇರೆಡೆ ಇದೆ. ಶೈಲಿ ಹೇಳದ್ದನ್ನು ವಿಷಯ ಹೇಳಬಲ್ಲದು. ಅದೇ ಶಿರಾದ ಪ್ರಬಂಧದಲ್ಲಿ ಕೋಟೆಯನ್ನು ಕಟ್ಟಿಸಿದವರು ಮೊಗಲರೆಂದು ಬರೆದಿದ್ದರೆ ಅದು ತಪ್ಪು. ಕೋಟೆಯ ಆರಂಭ ಕಸ್ತೂರಿ ರಂಗಪ್ಪ ನಾಯಕನಿಗೆ ಸಲ್ಲುತ್ತದೆ, 1687ರಲ್ಲಿ ಮೊಗಲರು ಬಂದು ಶಿರಾವನ್ನು ಸುಬಾದ ಕೇಂದ್ರ ಮಾಡಿಕೊಂಡರು, 1761ರಲ್ಲಿ ಅದು ಹೈದರಾಲಿಯ ಕೈಸೇರಿತು. ಆದರೂ ಈ ತಪ್ಪನ್ನು ಯಂತ್ರವೂ ಮಾಡಬಹುದು, ವಿದ್ಯಾರ್ಥಿಯೂ ಮಾಡಬಹುದು. ತಪ್ಪಿನಿಂದ ತಿಳಿಯುವುದು ಏನನ್ನು ಕೇಳಬೇಕೆಂಬುದಷ್ಟೇ. ಸುಬಾ ಎಂದರೆ ಏನು, ಊರಿನಲ್ಲಿರುವ ಮಲಿಕ್ ರಿಹಾನನ ಗೋರಿಯನ್ನು ನೋಡಿದ್ದೀಯಾ, ಈ ಸಂಗತಿ ನಿನಗೆ ಎಲ್ಲಿ ಸಿಕ್ಕಿತು ಎಂದು ಐದು ನಿಮಿಷ ಮಾತಾಡಿಸಿದರೆ, ತರಗತಿಯಲ್ಲೇ ಒಂದು ಪರಿಚ್ಛೇದ ಬರೆಸಿ ಹಿಂದಿನದರ ಪಕ್ಕದಲ್ಲಿಟ್ಟು ನೋಡಿದರೆ ದೊರೆಯುವ ತಿಳಿವು ಯಾವ ಪಟ್ಟಿಯಿಂದಲೂ ದೊರೆಯುವುದಿಲ್ಲ. ಪ್ರಬಂಧ ಯಂತ್ರದ್ದೇ ಆಗಿದ್ದು ವಿದ್ಯಾರ್ಥಿಗೆ ಅದರಲ್ಲಿರುವುದು ತಿಳಿದಿಲ್ಲವಾದರೆ ಅದೂ ಆ ಐದು ನಿಮಿಷದಲ್ಲೇ ಬಯಲಾಗುತ್ತದೆ. ಅಡ್ಡಗೆರೆಗಳಿಲ್ಲದೆ, ಉಪಸಂಹಾರವಿಲ್ಲದೆ, ಎರಡು ಕಾಗುಣಿತದ ತಪ್ಪುಗಳೊಂದಿಗೆ ಹತ್ತನೆಯ ತರಗತಿಯವನಂತೆ ಬರೆ ಎಂದು ಯಂತ್ರಕ್ಕೆ ಹೇಳುವಷ್ಟು ಜಾಣನಾದವನು ಪಟ್ಟಿಯಿಂದ ನುಣುಚಿಕೊಂಡರೂ ಈ ಮಾತುಕತೆಯಿಂದ ನುಣುಚಿಕೊಳ್ಳುವುದು ಕಷ್ಟ.

ಇಷ್ಟಾದರೂ ಪಟ್ಟಿಯನ್ನು ಕೈಬಿಡಲು ಮನಸ್ಸಾಗದವರು ಅದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. 2022ರ ನವೆಂಬರಿಗಿಂತ ಹಿಂದಿನ ಶಾಲಾ ವಾರ್ಷಿಕ ಸಂಚಿಕೆಗಳು, ಪ್ರಬಂಧ ಸ್ಪರ್ಧೆಯ ಹಾಳೆಗಳು ಬಹುತೇಕ ಶಾಲೆಗಳ ಬೀರುವಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಒಂದೂ ಚಾಟ್‌ಜಿಪಿಟಿ ಬರೆದದ್ದಲ್ಲ. ಅಂಕ ಕಳೆಯುವ ಮುನ್ನ ಅಂಥ ಐವತ್ತು ಪ್ರಬಂಧಗಳ ಮೇಲೆ ಪಟ್ಟಿಯನ್ನು ಪ್ರಯೋಗಿಸಿ, ಎಷ್ಟು ಮಂದಿ ಹಳೆಯ ವಿದ್ಯಾರ್ಥಿಗಳು ಯಂತ್ರಗಳೆಂದು ತೀರ್ಮಾನವಾಗುತ್ತಾರೆಂಬುದನ್ನು ಅಧ್ಯಾಪಕರು ತಾವೇ ಎಣಿಸಿ ನೋಡಲಿ.